ದಸರಾ ರಜೆಗೆ ಮುಚ್ಚಿದ ಕೋಚಿಂಗ್ ಸೆಂಟರ್ ಮತ್ತೆ ತೆರೆಯಲಿಲ್ಲ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

20 ನವೆಂಬರ್ 2025

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು

ವಿಷಯ: ಇಡೀ ವರ್ಷದ ಶುಲ್ಕ ಪಡೆದು ಮೂರೇ ತಿಂಗಳಿಗೆ ಬಾಗಿಲು ಹಾಕಿದ ನೀಟ್ ಕೋಚಿಂಗ್ ಸಂಸ್ಥೆಯಿಂದ ಹಣ ವಾಪಸ್ ಕೊಡಿಸುವ ಬಗ್ಗೆ

ಮಾನ್ಯರೇ,

ನಾನು ಈ ಜಿಲ್ಲೆಯ ಹಳ್ಳಿಯೊಂದರ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ನನ್ನ ಮಗಳು ಕಳೆದ ಬಾರಿ ನೀಟ್ ಬರೆದು, ಸರ್ಕಾರಿ ಸೀಟಿಗೆ ಸಾಲುವಷ್ಟು ಅಂಕ ಬಾರದೆ, ಇನ್ನೊಂದು ವರ್ಷ ಓದುತ್ತೇನೆ ಎಂದಳು. ಜೂನ್ ಕೊನೆಯಲ್ಲಿ ಜಿಲ್ಲಾ ಕೇಂದ್ರದ ಕೋಚಿಂಗ್ ಸಂಸ್ಥೆಯೊಂದರ ಲಾಂಗ್ ಟರ್ಮ್ ಬ್ಯಾಚಿಗೆ ಸೇರಿಸಿದೆವು. ಅವಳಂತೆಯೇ ಅಲ್ಲಿ ಸೇರಿದ್ದ ಮಕ್ಕಳು 150ಕ್ಕೂ ಹೆಚ್ಚು. ಬಹುಪಾಲು ಮಕ್ಕಳ ಅಪ್ಪ ಅಮ್ಮ ಮೆಕ್ಕೆಜೋಳ, ಅಡಿಕೆ ಬೆಳೆಯುವವರು, ಸಣ್ಣ ಅಂಗಡಿ ಇಟ್ಟವರು, ಗುತ್ತಿಗೆ ನೌಕರರು. ಅವರ ಪರವಾಗಿಯೂ ಈ ಪತ್ರ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು, ಪಾಲುದಾರರ ಹೆಸರು, ರಸೀದಿಗಳ ಪ್ರತಿ ಎಲ್ಲವೂ ತಮ್ಮ ಕಚೇರಿಗೆ ಕೊಟ್ಟ ಮನವಿಯಲ್ಲಿವೆ. ಎಲ್ಲರೂ ಓದುವ ಈ ಪತ್ರದಲ್ಲಿ ಅವನ್ನು ಬರೆದಿಲ್ಲ. ಹೆಸರು ಹೊರಹಾಕುವುದಕ್ಕಲ್ಲ, ತಮ್ಮ ಕೈಯಲ್ಲಿರುವ ಅಧಿಕಾರವನ್ನು ಬಳಸಿ ಎಂದು ಕೇಳುವುದಕ್ಕೆ ಈ ಪತ್ರ.

ನಡೆದದ್ದನ್ನು ಮೊದಲು ಹೇಳುತ್ತೇನೆ. ಜುಲೈ 1ರಿಂದ ಏಪ್ರಿಲ್ ಕೊನೆಯವರೆಗೆ, ಅಂದರೆ ಹತ್ತು ತಿಂಗಳು ತರಗತಿ ಎಂದು ಒಪ್ಪಂದ. ಶುಲ್ಕ 1,00,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,18,000. ಅರ್ಧ ಜೂನ್‌ನಲ್ಲಿ, ಉಳಿದರ್ಧ ಡಿಸೆಂಬರ್‌ನಲ್ಲಿ ಕಟ್ಟಬೇಕಿತ್ತು. ಜುಲೈ, ಆಗಸ್ಟ್ ಪಾಠ ಚೆನ್ನಾಗಿಯೇ ನಡೆಯಿತು, ಅದನ್ನು ಇಲ್ಲವೆನ್ನುವುದಿಲ್ಲ. ಆಗಸ್ಟ್ ಕೊನೆಗೆ ಫಿಸಿಕ್ಸ್ ಹೇಳಿಕೊಡಲು ಹೈದರಾಬಾದ್ ಕಡೆಯಿಂದ ಬಂದಿದ್ದ ಮೇಷ್ಟ್ರು ಊರಿಗೆ ಹೋದವರು ವಾಪಸ್ ಬರಲಿಲ್ಲ. ಎರಡು ಬ್ಯಾಚುಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ವಾರದ ಟೆಸ್ಟಿನ ಪ್ರಶ್ನೆಪತ್ರಿಕೆ ಮುದ್ರಿಸುವುದನ್ನು ನಿಲ್ಲಿಸಿ ವಾಟ್ಸಾಪಿನಲ್ಲಿ ಕಳಿಸತೊಡಗಿದರು. ಕೆಮಿಸ್ಟ್ರಿಗೆ ರೆಕಾರ್ಡ್ ಮಾಡಿದ ವಿಡಿಯೋ ಹಾಕಿದರು. ಇಂಥ ಸಂಸ್ಥೆ ಕುಸಿಯುವಾಗ ಮೊದಲು ಕಾಣುವ ಗುರುತುಗಳೇ ಇವು: ಉಪನ್ಯಾಸಕರ ಸಂಬಳ ನಿಲ್ಲುತ್ತದೆ, ಮುದ್ರಣದವರ ಬಾಕಿ ಏರುತ್ತದೆ, ಆಮೇಲೆ ಬಾಡಿಗೆ.

ಸೆಪ್ಟೆಂಬರ್ ಎರಡನೆಯ ವಾರ ಪೋಷಕರಿಗೆಲ್ಲ ಒಂದು ಸಂದೇಶ ಬಂತು. ಡಿಸೆಂಬರ್‌ನ ಕಂತನ್ನು ದಸರಾಕ್ಕೆ ಮೊದಲೇ ಕಟ್ಟಿದವರಿಗೆ ಕೊನೆಯ ಎರಡು ತಿಂಗಳ ವಿಶೇಷ ಟೆಸ್ಟ್ ಸರಣಿ ಉಚಿತ, ಕಟ್ಟದವರು ಅದಕ್ಕೆ ಬೇರೆ ಹಣ ಕೊಡಬೇಕು ಎಂದು. ಆ ಮಾತು ನಂಬಿ ನಾವು ಬಹಳ ಮಂದಿ ಕಟ್ಟಿದೆವು. ಸೆಪ್ಟೆಂಬರ್ 27ರ ಶನಿವಾರ ಕೊನೆಯ ತರಗತಿ ಆಯಿತು. ಅಕ್ಟೋಬರ್ 6ರ ಸೋಮವಾರ ಮತ್ತೆ ಶುರು ಎಂದಿದ್ದರು. ಆ ದಿನ ಬಾಗಿಲು ತೆರೆಯಲಿಲ್ಲ. ಅದೇ ವಾರ ಸರ್ಕಾರ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿತಲ್ಲ, ಅದನ್ನೇ ನೆಪ ಮಾಡಿಕೊಂಡು 'ನಮಗೂ ಅಲ್ಲಿಯವರೆಗೆ ರಜೆ' ಎಂದು ಸಂದೇಶ ಹಾಕಿದರು. ಆ ಆದೇಶಕ್ಕೂ ಖಾಸಗಿ ಕೋಚಿಂಗಿಗೂ ಸಂಬಂಧವೇ ಇರಲಿಲ್ಲ. ದೀಪಾವಳಿ ಕಳೆದು ಹೋಗಿ ನೋಡಿದರೆ ಬೋರ್ಡು ಇಳಿಸಿದ್ದರು. ಕಚೇರಿಯ ನಂಬರ್ ಸ್ವಿಚ್ ಆಫ್. ಪೋಷಕರ ವಾಟ್ಸಾಪ್ ಗುಂಪಿನಿಂದ ಅಡ್ಮಿನ್ ಹೊರಹೋಗಿದ್ದರು.

ಇನ್ನು ನಮಗೆ ಬರಬೇಕಾದ ಹಣದ ಲೆಕ್ಕ. ಎಷ್ಟು ವಾಪಸ್ ಬರಬೇಕು ಎಂಬುದರ ಬಗ್ಗೆಯೇ ಗೊಂದಲ ಎಬ್ಬಿಸಿ ಕಾಲ ತಳ್ಳುವುದು ಇಂಥ ಕಡೆಗಳಲ್ಲಿ ರೂಢಿ, ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹತ್ತು ತಿಂಗಳಲ್ಲಿ ಮೂರು ತಿಂಗಳು ಪಾಠ ಆಗಿದೆ, ಏಳು ತಿಂಗಳು ಆಗಿಲ್ಲ. ಒಂದು ಲಕ್ಷದಲ್ಲಿ ಏಳು ಪಾಲು ಎಂದರೆ 70,000. ಅದರ ಮೇಲೆ ನಾವು ಕಟ್ಟಿದ ಜಿಎಸ್‌ಟಿ 12,600. ಒಟ್ಟು 82,600 ರೂಪಾಯಿ. ಫೋನ್ ಇನ್ನೂ ಹೋಗುತ್ತಿದ್ದ ದಿನಗಳಲ್ಲಿ ಸಂಸ್ಥೆಯ ಮ್ಯಾನೇಜರ್ ಇದಕ್ಕೆ ಎರಡು ಅಡ್ಡಿ ಹೇಳಿದ್ದರು. ಮೊದಲನೆಯದು, ಸ್ಟಡಿ ಮೆಟೀರಿಯಲ್ ಮತ್ತು ನೋಂದಣಿಗೆ 25,000 ಮುರಿದುಕೊಂಡೇ ಉಳಿದದ್ದನ್ನು ಲೆಕ್ಕ ಹಾಕಬೇಕು ಎಂದು. ಹಾಗೆ ಮಾಡಿದರೆ 75,000ದಲ್ಲಿ ಏಳು ಪಾಲು 52,500, ತೆರಿಗೆ 9,450, ಒಟ್ಟು 61,950. ಒಬ್ಬೊಬ್ಬ ಪೋಷಕರಿಗೂ 20,650 ರೂಪಾಯಿ ಕಡಿಮೆ. ಆದರೆ ನಮ್ಮ ರಸೀದಿಯಲ್ಲಿ ಮೆಟೀರಿಯಲ್ ಎಂಬ ಬಾಬ್ತೇ ಇಲ್ಲ. 'ಕೋಚಿಂಗ್ ಶುಲ್ಕ' ಎಂಬ ಒಂದೇ ಸಾಲಿಗೆ ಇಡೀ ಮೊತ್ತ ಬರೆದಿದ್ದಾರೆ. ಹಣ ತೆಗೆದುಕೊಳ್ಳುವಾಗ ಇಲ್ಲದ ಬಾಬ್ತು ಹಿಂದಿರುಗಿಸುವಾಗ ಹುಟ್ಟಬಾರದು. ಅದೂ ಅಲ್ಲದೆ, ನಾಲ್ಕು ಸೆಟ್ ಪುಸ್ತಕ ಕೊಡುತ್ತೇವೆ ಎಂದವರು ಕೊಟ್ಟದ್ದು ಒಂದೇ ಸೆಟ್.

ಎರಡನೆಯ ಅಡ್ಡಿ, 'ಜಿಎಸ್‌ಟಿ ಸರ್ಕಾರಕ್ಕೆ ಹೋಗಿಬಿಟ್ಟಿದೆ, ಅದು ಬರುವುದಿಲ್ಲ' ಎಂದು. ಹಲವು ಪೋಷಕರು ಇದನ್ನು ನಂಬಿ ಆ ಮೊತ್ತವನ್ನು ಕೈಬಿಟ್ಟು ಕೇಳುತ್ತಿದ್ದಾರೆ. ಲೆಕ್ಕ ಬರೆಯುವವಳಾಗಿ ನಾನು ಹೇಳಬಲ್ಲೆ: ಕೊಡದ ಸೇವೆಯ ಹಣ ಹಿಂದಿರುಗಿಸುವಾಗ ಸಂಸ್ಥೆ ಕ್ರೆಡಿಟ್ ನೋಟ್ ಕೊಟ್ಟು ಆ ತೆರಿಗೆಯನ್ನು ತನ್ನ ಮುಂದಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಈ ಆರ್ಥಿಕ ವರ್ಷದ ಬಿಲ್ಲಿಗೆ 2026ರ ನವೆಂಬರ್ 30ರವರೆಗೆ ಅದಕ್ಕೆ ಅವಕಾಶವಿದೆ. ಅಷ್ಟರೊಳಗೆ ಅವರು ಜಿಎಸ್‌ಟಿ ನೋಂದಣಿಯನ್ನೇ ರದ್ದು ಮಾಡಿಸಿಕೊಂಡರೆ ಮಾತ್ರ ಈ ದಾರಿ ಮುಚ್ಚುತ್ತದೆ. ನಾವು ಕೊನೆಯ ಸಲ ಪೋರ್ಟಲಿನಲ್ಲಿ ನೋಡಿದಾಗ ಅದು ಇನ್ನೂ ಚಾಲ್ತಿಯಲ್ಲಿತ್ತು.

ಆ ಪೋರ್ಟಲಿನಲ್ಲಿ ಇನ್ನೊಂದು ಮುಖ್ಯ ಸಂಗತಿ ಸಿಕ್ಕಿತು. ಕಟ್ಟಡದ ಮೇಲಿದ್ದದ್ದು ಹೊರರಾಜ್ಯದ ಒಂದು ದೊಡ್ಡ ಬ್ರ್ಯಾಂಡಿನ ಹೆಸರು. ಅವರನ್ನು ಸಂಪರ್ಕಿಸಿದರೆ, ಇದು ಫ್ರಾಂಚೈಸಿ, ನಾವು ಹೆಸರು ಮಾತ್ರ ಕೊಟ್ಟಿದ್ದೆವು, ಹಣ ನಮಗೆ ಬಂದಿಲ್ಲ ಎಂದರು. ರಸೀದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಹೆಸರೇ ಬೇರೆ. ರಸೀದಿಯಲ್ಲಿರುವ ಹದಿನೈದು ಅಂಕಿ ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಆ ಸಂಸ್ಥೆಯ ಪ್ಯಾನ್. ಇಡೀ ಸಂಖ್ಯೆಯ ಆರನೆಯ ಅಕ್ಷರ ನೋಡಿದರೆ ಅದು ಎಂಥ ಸಂಸ್ಥೆ ಎಂದು ತಿಳಿಯುತ್ತದೆ. C ಇದ್ದರೆ ಕಂಪನಿ, P ಇದ್ದರೆ ಒಬ್ಬ ವ್ಯಕ್ತಿ, F ಇದ್ದರೆ ಪಾಲುದಾರಿಕೆಯ ಫರ್ಮ್ ಅಥವಾ ಎಲ್‌ಎಲ್‌ಪಿ. ನಮ್ಮದರಲ್ಲಿ F ಇದೆ, ಪೋರ್ಟಲಿನಲ್ಲಿ Partnership ಎಂದೇ ಬರೆದಿದೆ. ಇದು ನಮ್ಮ ಮಟ್ಟಿಗೆ ದೊಡ್ಡ ವ್ಯತ್ಯಾಸ. ಕಂಪನಿಯಾಗಿದ್ದರೆ ನಷ್ಟವೆಂದು ಕೈ ಎತ್ತಿ ನಿರ್ದೇಶಕರು ಪಕ್ಕಕ್ಕೆ ಸರಿಯಬಹುದಿತ್ತು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ವೈಯಕ್ತಿಕವಾಗಿ ಹೊಣೆ. ಸಂಸ್ಥೆಯ ಖಾತೆ ಖಾಲಿ ಎಂಬ ಮಾತಿಗೆ ನಮ್ಮ ವಿಷಯ ಮುಗಿಯುವುದಿಲ್ಲ.

ಹಾಗಿದ್ದರೆ ನಾವು ಗ್ರಾಹಕರ ಆಯೋಗಕ್ಕೆ ಹೋಗಬಹುದಲ್ಲ ಎಂದು ತಾವು ಕೇಳಬಹುದು. ಹೋಗುತ್ತಿದ್ದೇವೆ. ಕೋಚಿಂಗ್ ಸಂಸ್ಥೆಯನ್ನು ಶಾಲೆ ಕಾಲೇಜಿಗೆ ಸಮ ಎಂದು ನೋಡಲಾಗದು, ಅದು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2020ರ ಜನವರಿಯಲ್ಲೇ ಹೇಳಿದೆ. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ಆಯೋಗದ ಶುಲ್ಕವಿಲ್ಲ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರನ್ನು ಇಡಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಒಂದೇ ಬಗೆಯ ನಷ್ಟ ಹೊಂದಿದವರು ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಲೂ ಬರುತ್ತದೆ. ರಸೀದಿಯ ಹಿಂಬದಿಯಲ್ಲಿ 'ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ' ಎಂದು ಮುದ್ರಿಸಿದ್ದಾರೆ. ಆ ಸಾಲಿಗೆ ನಾವು ಹೆದರಿಲ್ಲ. ಮಗು ತಾನಾಗಿ ಬಿಟ್ಟುಹೋದರೆ ಏನು ಎಂಬ ಬಗ್ಗೆ ಅದು ಏನೇ ಹೇಳಲಿ, ಇಲ್ಲಿ ಬಿಟ್ಟುಹೋದದ್ದು ಸಂಸ್ಥೆ.

ಆದರೆ ಆಯೋಗದ ದಾರಿಗೆ ಒಂದು ಮಿತಿಯಿದೆ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳಿದರೂ ನೋಟಿಸು ತಲುಪುವುದರಲ್ಲೇ ತಿಂಗಳುಗಳು ಹೋಗುತ್ತವೆ, ಅದರಲ್ಲೂ ಎದುರುದಾರರು ವಿಳಾಸ ಬಿಟ್ಟು ಹೋಗಿರುವಾಗ. ಆದೇಶ ಬಂದಮೇಲೆ ಅದನ್ನು ಜಾರಿ ಮಾಡಿಸಲು ಮತ್ತೊಂದು ಅರ್ಜಿ. ಆ ಹೊತ್ತಿಗೆ ವಸೂಲು ಮಾಡಲು ಏನು ಉಳಿದಿರುತ್ತದೆ ಎಂಬುದೇ ಪ್ರಶ್ನೆ. ಇಂಥ ಸಂಸ್ಥೆಗೆ ಜಮೀನು, ಯಂತ್ರ ಎಂದೇನೂ ಇರುವುದಿಲ್ಲ. ಬೆಂಚು, ಪ್ರೊಜೆಕ್ಟರ್, ಇನ್ವರ್ಟರ್, ಬ್ಯಾಂಕಿನಲ್ಲಿ ಉಳಿದ ಹಣ, ಕಟ್ಟಡದ ಮಾಲೀಕರ ಬಳಿ ಇಟ್ಟ ಅಡ್ವಾನ್ಸು, ಇಷ್ಟೇ. ಅಡ್ವಾನ್ಸನ್ನು ಮಾಲೀಕರು ಬಾಕಿ ಬಾಡಿಗೆಗೆ ಮುರಿದುಕೊಂಡು ಉಳಿದದ್ದನ್ನು ಪಾಲುದಾರರಿಗೆ ಕೊಟ್ಟುಬಿಟ್ಟರೆ ಅದೂ ಹೋಯಿತು. ಕಳೆದ ವಾರ ಕೆಲವು ಬೆಂಚುಗಳನ್ನು ಟೆಂಪೊದಲ್ಲಿ ಸಾಗಿಸಿದ್ದನ್ನು ಅಕ್ಕಪಕ್ಕದ ಅಂಗಡಿಯವರು ನೋಡಿದ್ದಾರೆ. ಹಾಗಾಗಿ ನಮಗೆ ಈಗ ಬೇಕಾದದ್ದು ಬೇಗ ಆಗುವ ಕೆಲಸ, ಅದು ತಮ್ಮ ಕೈಯಲ್ಲಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 16ನೇ ಕಲಮು ಜಿಲ್ಲಾಧಿಕಾರಿಗೆ ನೇರ ಅಧಿಕಾರ ಕೊಟ್ಟಿದೆ. ಗ್ರಾಹಕರ ಒಂದು ಸಮೂಹದ ಹಕ್ಕಿಗೆ ಧಕ್ಕೆಯಾದಾಗ, ಅನುಚಿತ ವ್ಯಾಪಾರ ನಡೆದಾಗ, ದಾರಿ ತಪ್ಪಿಸುವ ಜಾಹೀರಾತು ಬಂದಾಗ ದೂರಿನ ಮೇಲೆ ವಿಚಾರಣೆ ನಡೆಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಮೇಲಿನಿಂದ ಆದೇಶ ಬರಲಿ ಎಂದು ಕಾಯಬೇಕಿಲ್ಲ, ನಮ್ಮ ದೂರೇ ಸಾಕು. ಆ ಪ್ರಾಧಿಕಾರ ಬೇಕಿದ್ದರೆ ತಾನೇ ಗ್ರಾಹಕರ ಆಯೋಗದ ಮುಂದೆ ದೂರು ಹೂಡಬಹುದು. ಆಗ 150 ಮನೆಯವರು ಒಬ್ಬೊಬ್ಬರಾಗಿ ಅಲೆಯುವುದು ತಪ್ಪುತ್ತದೆ. ನಾವು ಮನವಿ ಕೊಟ್ಟಾಗ ತಮ್ಮ ಕಚೇರಿಯಿಂದ ಅದು ಶಿಕ್ಷಣ ಇಲಾಖೆಗೆ 'ಮುಂದಿನ ಕ್ರಮಕ್ಕಾಗಿ' ಹೋಯಿತು. ಶಿಕ್ಷಣ ಇಲಾಖೆಯವರು, ಕೋಚಿಂಗ್ ನಮ್ಮ ವ್ಯಾಪ್ತಿಯದಲ್ಲ, ಗ್ರಾಹಕರ ಆಯೋಗಕ್ಕೆ ಹೋಗಿ ಎಂದರು. ಮನವಿಯಲ್ಲಿ 16ನೇ ಕಲಮು ಎಂದು ನಾವು ಬರೆದಿದ್ದರೂ ಅದರ ಬಗ್ಗೆ ಯಾರೂ ಒಂದು ಮಾತು ಆಡಿಲ್ಲ.

ವ್ಯಾಪ್ತಿಯದಲ್ಲ ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಯ ವಿಚಾರ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೂ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಕೊಡಬೇಕು ಎಂದಿದೆ. ಅದು ಮಾರ್ಗಸೂಚಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡು ಜಾರಿ ಮಾಡಬೇಕು ಎಂಬುದು ನಮಗೆ ಗೊತ್ತು. ಆದರೂ ನ್ಯಾಯವಾದ ಲೆಕ್ಕ ಯಾವುದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಅಳತೆ ಇಲ್ಲ. ವಿದ್ಯಾರ್ಥಿ ಬಿಟ್ಟರೇ ಇಷ್ಟು ಕೊಡಬೇಕಾದರೆ, ಸಂಸ್ಥೆಯೇ ಬಾಗಿಲು ಹಾಕಿದಾಗ ಅದಕ್ಕಿಂತ ಕಡಿಮೆ ಕೊಡುವ ಪ್ರಶ್ನೆ ಬರಬಾರದು. ಈ ಸಂಸ್ಥೆ ನೋಂದಣಿಯಾಗಿತ್ತೇ, ಇಲ್ಲದಿದ್ದರೆ ಜಿಲ್ಲಾ ಕೇಂದ್ರದ ಮುಖ್ಯ ರಸ್ತೆಯಲ್ಲಿ ಅಷ್ಟು ದೊಡ್ಡ ಬೋರ್ಡು ಹಾಕಿ ನಡೆಯಲು ಬಿಟ್ಟದ್ದು ಹೇಗೆ ಎಂದು ಲಿಖಿತ ಉತ್ತರ ಕೊಡಿಸಿ.

ಇನ್ನೊಂದು ವಿಷಯ ಪೊಲೀಸರದ್ದು. ಠಾಣೆಯಲ್ಲಿ ನಮ್ಮ ದೂರು ತೆಗೆದುಕೊಂಡು, ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಿ ಎಂದು ಹಿಂಬರಹ ಕೊಟ್ಟು ಕಳಿಸಿದರು. ವ್ಯಾಪಾರ ನೆಲ ಕಚ್ಚಿತು ಎಂದ ಮಾತ್ರಕ್ಕೆ ಅದು ವಂಚನೆ ಆಗುವುದಿಲ್ಲ, ಹಣ ಪಡೆಯುವ ಹೊತ್ತಿಗೇ ಮೋಸದ ಉದ್ದೇಶ ಇತ್ತು ಎಂದು ತೋರಬೇಕು. ಇದು ನಮಗೂ ತಿಳಿದಿದೆ. ಜೂನ್‌ನಲ್ಲಿ ನಾವು ಕಟ್ಟಿದ ಹಣದ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟವಿರಬಹುದು. ಆಗ ಅವರಿಗೆ ನಡೆಸುವ ಮನಸ್ಸು ಇದ್ದಿರಬಹುದು. ಸೆಪ್ಟೆಂಬರ್‌ನ ಹಣದ ಕಥೆ ಬೇರೆ. ಉಪನ್ಯಾಸಕರಿಗೆ ಜುಲೈನಿಂದ ಸಂಬಳ ಆಗಿರಲಿಲ್ಲ ಎಂದು ಅವರಲ್ಲಿ ಇಬ್ಬರು ನಮಗೆ ಬರೆದುಕೊಟ್ಟಿದ್ದಾರೆ. ಫಿಸಿಕ್ಸ್‌ಗೆ ಮೇಷ್ಟ್ರಿಲ್ಲ, ಸಂಬಳ ಬಾಕಿ. ಅಂಥ ಹೊತ್ತಿನಲ್ಲಿ ಮೂರು ತಿಂಗಳ ಮುಂಚಿತವಾಗಿ ಕಂತು ಕಟ್ಟಿಸಿಕೊಂಡರು, ಎರಡು ವಾರದಲ್ಲಿ ಮುಚ್ಚಿದರು. ಮುಚ್ಚುವುದು ಗೊತ್ತಿದ್ದೇ ಕಟ್ಟಿಸಿಕೊಂಡರೇ ಎಂಬುದನ್ನು ತನಿಖೆ ಮಾಡದೆ ತಿಳಿಯುವ ದಾರಿ ಯಾವುದು? ತನಿಖೆಗೆ ಬೇಕಾದದ್ದು ಎಫ್‌ಐಆರ್. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಅದನ್ನು ದಾಖಲಿಸಲು ಕೇಳಿ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ಲಿಖಿತವಾಗಿ ಬರೆದಿದ್ದೇವೆ.

ಎಫ್‌ಐಆರ್ ಮೇಲೆ ನಾವು ಇಷ್ಟು ಒತ್ತು ಕೊಡುವುದು ಯಾರನ್ನೋ ಜೈಲಿಗೆ ಕಳಿಸಬೇಕೆಂಬ ಹಟದಿಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಮಿನಲ್ಲಿ ಹಣ ಕಳೆದುಕೊಂಡವರಿಗೆ ಹಿಂದೆ ಇಲ್ಲದಿದ್ದ ಒಂದು ದಾರಿ ಇದೆ. ಅಪರಾಧದಿಂದ ಬಂದ ಹಣ, ಆಸ್ತಿಯನ್ನು ಜಪ್ತಿ ಮಾಡಲು ತನಿಖಾಧಿಕಾರಿ ವರಿಷ್ಠಾಧಿಕಾರಿಗಳ ಒಪ್ಪಿಗೆ ಪಡೆದು ನ್ಯಾಯಾಲಯವನ್ನು ಕೇಳಬಹುದು. ಅದು ಅಪರಾಧದ ಗಳಿಕೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಅದನ್ನು ನೊಂದವರಿಗೆ ಅವರವರ ಪಾಲಿಗೆ ತಕ್ಕಂತೆ ಹಂಚಲು ಜಿಲ್ಲಾ ದಂಡಾಧಿಕಾರಿಗೆ ಆದೇಶಿಸುತ್ತದೆ. ಹಂಚುವುದಕ್ಕೆ ಅರವತ್ತು ದಿನದ ಗಡುವು. ಆ ದಂಡಾಧಿಕಾರಿ ತಾವೇ. ಅಂದರೆ ನಮ್ಮ ಹಣ ಕೊನೆಗೆ ತಮ್ಮ ಕೈಯಿಂದಲೇ ನಮಗೆ ಬರಬೇಕಾದದ್ದು. ಆದರೆ ಠಾಣೆಯ ಒಂದು ಹಿಂಬರಹದಲ್ಲಿ ಆ ಇಡೀ ದಾರಿ ಮೊದಲ ಹೆಜ್ಜೆಯಲ್ಲೇ ನಿಂತುಹೋಗಿದೆ.

ಈಗ ಸಾಲ ಮಾಡಿದವರ ವಿಷಯ. ನಮ್ಮೆಲ್ಲರಿಗಿಂತ ಕಷ್ಟದಲ್ಲಿರುವವರು ಅವರೇ, ಆದ್ದರಿಂದ ಒಬ್ಬರ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ಎಲೆಕ್ಟ್ರಿಕಲ್ ಕೆಲಸ ಮಾಡುವ ಒಬ್ಬ ತಂದೆಗೆ ಜೂನ್‌ನಲ್ಲಿ ಸಂಸ್ಥೆಯ ಕೌಂಟರಿನಲ್ಲಿದ್ದವರು, ಒಟ್ಟಿಗೆ ಕಟ್ಟಲಾಗದಿದ್ದರೆ ಬಡ್ಡಿಯಿಲ್ಲದ ತಿಂಗಳ ಕಂತು ಇದೆ ಎಂದರು. ಆಧಾರ್, ಪ್ಯಾನ್ ತೆಗೆದುಕೊಂಡು, ಫೋನಿಗೆ ಬಂದ ಓಟಿಪಿ ಹೇಳಿಸಿಕೊಂಡರು. ಸಂಸ್ಥೆಗೇ ಕಂತು ಕಟ್ಟುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ನಡೆದದ್ದೇ ಬೇರೆ. ಒಂದು ಹಣಕಾಸು ಕಂಪನಿ ಅವರ ಹೆಸರಿಗೆ 1,18,000 ಸಾಲ ಬರೆದು ಹಣವನ್ನು ಸಂಸ್ಥೆಗೆ ಒಟ್ಟಿಗೆ ಕೊಟ್ಟಿತು. ತಿಂಗಳಿಗೆ ಸುಮಾರು 9,833ರಂತೆ ಹನ್ನೆರಡು ಕಂತು ಅವರ ಖಾತೆಯಿಂದ ಪ್ರತಿ ತಿಂಗಳು 5ಕ್ಕೆ ತಾನಾಗಿ ಕಡಿತ. ಜುಲೈನಿಂದ ನವೆಂಬರ್‌ವರೆಗೆ ಐದು ಕಂತು ಹೋಗಿವೆ. ಇನ್ನೂ ಏಳು ಕಂತು, ಸುಮಾರು 68,800 ರೂಪಾಯಿ ಬಾಕಿ. ಅಕ್ಟೋಬರ್ 5ರ ಮತ್ತು ನವೆಂಬರ್ 5ರ ಕಂತನ್ನು ಅವರು ಕಟ್ಟಿದ್ದು ಒಂದು ಗಂಟೆಯ ಪಾಠವೂ ನಡೆಯದ ತಿಂಗಳುಗಳಿಗೆ.

ಕಂತು ನಿಲ್ಲಿಸಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಸುಮ್ಮನೆ ನಿಲ್ಲಿಸಿದರೆ ಖಾತೆಯಲ್ಲಿ ಹಣವಿಲ್ಲದೆ ಕಡಿತ ವಾಪಸಾದಾಗಲೆಲ್ಲ ಬ್ಯಾಂಕೂ ಸಾಲ ಕೊಟ್ಟವರೂ ದಂಡ ಹಾಕುತ್ತಾರೆ, ಸಿಬಿಲ್‌ನಲ್ಲಿ ಸುಸ್ತಿದಾರ ಎಂದು ದಾಖಲಾಗುತ್ತದೆ, ನಾಳೆ ಬೆಳೆಸಾಲಕ್ಕೋ ಮಗಳ ಕಾಲೇಜಿನ ಸಾಲಕ್ಕೋ ಹೋದಾಗ ಅದು ಅಡ್ಡ ಬರುತ್ತದೆ. ಸಹಕಾರ ಸಂಘದಲ್ಲಿ ಕೂತು ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಸರಿಯಾದ ಕ್ರಮ ಎಂದರೆ ಸಾಲ ಕೊಟ್ಟ ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಸೇವೆ ನಿಂತಿದೆ, ಸಾಲದ ಉಳಿದ ಭಾಗವನ್ನು ಸಂಸ್ಥೆಯಿಂದ ವಸೂಲು ಮಾಡಿಕೊಳ್ಳಿ ಎಂದು ಬರೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬೇಕು. ಗ್ರಾಹಕರ ಆಯೋಗದ ದೂರಿನಲ್ಲಿ ಆ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ, ತೀರ್ಪಿನವರೆಗೆ ಕಂತು ತಡೆಹಿಡಿಯಲು ಮಧ್ಯಂತರ ಆದೇಶ ಕೇಳಬೇಕು. ಇಷ್ಟೆಲ್ಲವನ್ನೂ ನಾವು ಬರೆದು ಕೊಟ್ಟಿದ್ದೇವೆ. ಆದರೆ ಒಬ್ಬ ಎಲೆಕ್ಟ್ರಿಷಿಯನ್ ಬರೆದ ಪತ್ರಕ್ಕೆ ಆ ಕಂಪನಿಯಿಂದ ಬಂದದ್ದು ಯಂತ್ರ ಕಳಿಸಿದ ಸಿದ್ಧ ಉತ್ತರ. ಜಿಲ್ಲಾಡಳಿತದ ಮುದ್ರೆಯಿರುವ ಪತ್ರ ಹೋದರೆ ಹಾಗಾಗಲಾರದು. ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಗೆ ತಾವೇ ಅಧ್ಯಕ್ಷರು. ಲೀಡ್ ಬ್ಯಾಂಕ್ ಮ್ಯಾನೇಜರರ ಮೂಲಕ ಆ ಕಂಪನಿಗೆ ಬರೆಸಿ, ವಿವಾದ ತೀರುವವರೆಗೆ ಈ ಸಾಲಗಳನ್ನು ಸುಸ್ತಿ ಎಂದು ವರದಿ ಮಾಡಬೇಡಿ ಎಂದು ಕೇಳಿ. ಅಂಥ 40ರಷ್ಟು ಕುಟುಂಬಗಳ ಪಟ್ಟಿ ನಮ್ಮಲ್ಲಿದೆ.

ಸರ್ಕಾರ ಮನಸ್ಸು ಮಾಡಿದರೆ ಕೋಚಿಂಗ್ ಶುಲ್ಕ ವಾಪಸ್ ಬರುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 2025ರ ಜನವರಿಯಲ್ಲಿ ನೋಯ್ಡಾ, ಗಾಜಿಯಾಬಾದ್, ಮೀರತ್‌ಗಳಲ್ಲಿ ದೊಡ್ಡ ಕೋಚಿಂಗ್ ಜಾಲವೊಂದರ ಕೇಂದ್ರಗಳು ಇದೇ ರೀತಿ ಏಕಾಏಕಿ ಮುಚ್ಚಿದಾಗ ಅಲ್ಲಿ ಪೊಲೀಸರು ಎಫ್‌ಐಆರ್ ದಾಖಲಿಸಿದರು, ಸಿವಿಲ್ ವ್ಯಾಜ್ಯ ಎಂದು ಕೈ ತೊಳೆದುಕೊಳ್ಳಲಿಲ್ಲ. ಫೆಬ್ರುವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಬೇರೆ ಬೇರೆ ಕೋಚಿಂಗ್ ಸಂಸ್ಥೆಗಳಿಂದ 600ಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ 1.56 ಕೋಟಿ ರೂಪಾಯಿ ವಾಪಸ್ ಕೊಡಿಸಿದ್ದಾಗಿ ತಿಳಿಸಿತು. ಅದು ಆದದ್ದು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ. ನಾವೂ ಅಲ್ಲಿ ದೂರು ದಾಖಲಿಸಿದ್ದೇವೆ. ಆದರೆ ಸಹಾಯವಾಣಿ ಮಾಡುವುದು ಎರಡೂ ಕಡೆಯವರನ್ನು ಮಾತಿಗೆ ಕೂರಿಸುವ ಕೆಲಸ. ಎದುರಿಗೆ ಉತ್ತರಿಸುವ ಸಂಸ್ಥೆ ಇದ್ದರೆ ಅದು ನಡೆಯುತ್ತದೆ. ಫೋನ್ ಸ್ವಿಚ್ ಆಫ್ ಮಾಡಿದವರ ಹತ್ತಿರ ಅದು ಸಾಗುವುದಿಲ್ಲ, ಅವರನ್ನು ಎದುರಿಗೆ ತಂದು ಕೂರಿಸುವ ಶಕ್ತಿ ಇರುವುದು ಜಿಲ್ಲಾಡಳಿತಕ್ಕೆ.

ಹಾಗಾಗಿ ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. 16ನೇ ಕಲಮಿನಡಿ ವಿಚಾರಣೆ ಆರಂಭಿಸಿ, ಪಾಲುದಾರರಿಬ್ಬರನ್ನೂ ಬ್ರ್ಯಾಂಡಿನ ಪ್ರತಿನಿಧಿಯನ್ನೂ ನೋಟಿಸು ಕೊಟ್ಟು ಕರೆಸಿ, ಪ್ರವೇಶ ಪುಸ್ತಕ, ರಸೀದಿ ಪುಸ್ತಕ, ಬ್ಯಾಂಕ್ ವಿವರ ಮತ್ತು ಫ್ರಾಂಚೈಸಿ ಒಪ್ಪಂದವನ್ನು ಹಾಜರುಪಡಿಸಲು ಹೇಳಿ. ಬ್ರ್ಯಾಂಡಿನವರಿಗೆ ಶುಲ್ಕದಲ್ಲಿ ಪಾಲು ಹೋಗುತ್ತಿತ್ತೇ ಇಲ್ಲವೇ ಎಂಬುದು ಆ ಒಪ್ಪಂದದಲ್ಲಿ ಗೊತ್ತಾಗುತ್ತದೆ. ವಿಚಾರಣೆ ಮುಗಿಯುವವರೆಗೆ ಅಡ್ವಾನ್ಸಿನ ಹಣ ಕೊಡಬೇಡಿ, ಒಳಗಿನ ಸಾಮಾನು ಸಾಗಿಸಲು ಬಿಡಬೇಡಿ ಎಂದು ಕಟ್ಟಡದ ಮಾಲೀಕರಿಗೆ ಬರೆಯಿರಿ. ಅವರು ಒಳ್ಳೆಯವರು, ಅಧಿಕೃತವಾಗಿ ಒಂದು ಪತ್ರ ಬಂದರೆ ನಾನು ತಡೆಯುತ್ತೇನೆ ಎಂದು ನಮಗೇ ಹೇಳಿದ್ದಾರೆ. ಸೆಪ್ಟೆಂಬರ್‌ನ ಕಂತಿನ ಬಗ್ಗೆ ಎಫ್‌ಐಆರ್ ದಾಖಲಿಸುವ ವಿಚಾರವನ್ನು ವರಿಷ್ಠಾಧಿಕಾರಿಗಳೊಂದಿಗೆ ಮಾತಾಡಿ. ನೋಂದಣಿ ರದ್ದತಿಯ ಅರ್ಜಿ ಬಂದರೆ ನಮ್ಮ ಬಾಕಿಯ ವಿಷಯ ಗಮನಕ್ಕೆ ಬರುವಂತೆ ವಾಣಿಜ್ಯ ತೆರಿಗೆ ಇಲಾಖೆಗೂ ತಿಳಿಸಿ.

ನಗದು ಕಟ್ಟಿದ ಕೆಲವರಿಗೆ ಜಿಎಸ್‌ಟಿ ಸಂಖ್ಯೆಯಿಲ್ಲದ ಬಿಳಿ ಚೀಟಿ ಮಾತ್ರ ಸಿಕ್ಕಿದೆ. ಅವರ ಹತ್ತಿರ ಬೇರೆ ದಾಖಲೆಯಿಲ್ಲ ಎಂದು ಪಟ್ಟಿಯಿಂದ ಕೈಬಿಡಬೇಡಿ. ಮಗುವಿನ ಐಡಿ ಕಾರ್ಡು, ಹಾಜರಾತಿ, ಟೆಸ್ಟಿನ ಅಂಕಪಟ್ಟಿ, ಹಣ ತಲುಪಿದೆ ಎಂದು ಮ್ಯಾನೇಜರ್ ಕಳಿಸಿದ ಸಂದೇಶ ಇವೆಲ್ಲ ಇವೆ. ಅವನ್ನು ಪುರಾವೆಯೆಂದು ತೆಗೆದುಕೊಳ್ಳಲು ಹೇಳಿ.

ಮಕ್ಕಳ ಕಡೆಯಿಂದ ಒಂದು ಮಾತು. ಮುಂದಿನ ನೀಟ್ ಮೇ ತಿಂಗಳಲ್ಲಿ. ಬೇರೆ ಸಂಸ್ಥೆಗಳು ಈ ಹೊತ್ತಿನಲ್ಲಿ ಸೇರಿಸಿಕೊಳ್ಳಲು ಮತ್ತೆ 50,000ಕ್ಕೂ ಮೇಲೆ ಕೇಳುತ್ತಿವೆ. ಹಣ ಕೊಡಲಾಗದ ಮಕ್ಕಳು ಮನೆಯಲ್ಲಿ ಹಳೆಯ ಪುಸ್ತಕ ಹಿಡಿದು ಕೂತಿದ್ದಾರೆ. ಕೆಲವು ಹೆಣ್ಣುಮಕ್ಕಳಿಗೆ, ಒಂದು ವರ್ಷ ಕೊಟ್ಟಾಯಿತಲ್ಲ ಇನ್ನು ಸಾಕು ಎಂಬ ಮಾತು ಮನೆಯಲ್ಲಿ ಶುರುವಾಗಿದೆ. ಜಿಲ್ಲಾ ಗ್ರಂಥಾಲಯದಲ್ಲೋ ಯಾವುದಾದರೂ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲೋ ಸಂಜೆ ಹೊತ್ತು ಒಂದು ಕೋಣೆ ತೆರೆಸಿಕೊಟ್ಟರೆ, ಸಂಬಳ ಸಿಗದೆ ಬಿಟ್ಟುಹೋದ ಉಪನ್ಯಾಸಕರಲ್ಲೇ ಇಬ್ಬರು ವಾರಕ್ಕೆರಡು ದಿನ ಬಂದು ಪಾಠ ಹೇಳಲು ಒಪ್ಪಿದ್ದಾರೆ. ಇದಕ್ಕೆ ಯಾವ ಕಲಮೂ ಬೇಡ, ತಮ್ಮ ಒಂದು ಸೂಚನೆ ಸಾಕು.

ಡಿಸೆಂಬರ್ 5ಕ್ಕೆ ಸಾಲಗಾರರ ಆರನೆಯ ಕಂತು ಕಡಿತವಾಗುತ್ತದೆ. ಅದಕ್ಕೆ ಮೊದಲು ಪೋಷಕರ ಮೂರು ನಾಲ್ಕು ಪ್ರತಿನಿಧಿಗಳಿಗೆ ಭೇಟಿಗೆ ಒಂದು ದಿನ ಗೊತ್ತುಮಾಡಿ ತಿಳಿಸಿ. ರಸೀದಿ, ಬ್ಯಾಂಕ್ ಹೇಳಿಕೆ, ಸಾಲದ ಪತ್ರ, ಮಕ್ಕಳ ಹಾಜರಾತಿ ಎಲ್ಲವನ್ನೂ ತಾಲ್ಲೂಕುವಾರು ಜೋಡಿಸಿ ಇಟ್ಟಿದ್ದೇವೆ, ಮೂಲ ಪ್ರತಿಗಳೊಂದಿಗೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಲಾಂಗ್ ಟರ್ಮ್ ಬ್ಯಾಚಿನ ವಿದ್ಯಾರ್ಥಿನಿಯೊಬ್ಬಳ ತಾಯಿ,
ಪೋಷಕರೆಲ್ಲರ ಪರವಾಗಿ